ಓದಲಾಗದ ಅಂಕಿಯನ್ನು ಬರೆಯುವ ಬಗೆ: ಸ್ಕ್ಯಾನ್ ಮಾಡಿದ ಹಳೆಯ ಕ್ರಯಪತ್ರದ ಅನುವಾದ

ಬಳ್ಳಾರಿ ಸೀಮೆಯ ಜಮೀನಿನ ವ್ಯಾಜ್ಯಗಳಲ್ಲಿ ತೆಲುಗು ದಸ್ತಾವೇಜುಗಳು ಆಗಾಗ ಕಾಣಿಸಿಕೊಳ್ಳುತ್ತವೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತು. ಆ ಕಾಲದ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳಲ್ಲಿ ಕೆಲವು ತೆಲುಗಿನಲ್ಲಿ ಬರೆದವು, ಮತ್ತೆ ಕೆಲವು ತೆಲುಗು ಮೈಯ ಮೇಲೆ ಇಂಗ್ಲಿಷ್ ಷರಾ ಹೊತ್ತವು. ಮೊಮ್ಮಕ್ಕಳ ನಡುವೆ ಪಾಲಿನ ದಾವೆ ಎದ್ದಾಗ ಅಂಥ ಪತ್ರ ಕಪಾಟಿನಿಂದ ಹೊರಬಂದು, ಮೊಬೈಲಿನಲ್ಲಿ ಸ್ಕ್ಯಾನ್ ಆಗಿ, ನ್ಯಾಯಾಲಯದ ಕಡತಕ್ಕೆ ಕನ್ನಡ ಅನುವಾದ ಬೇಕೆಂಬ ಕೋರಿಕೆಯೊಂದಿಗೆ ನನ್ನಂಥವರ ಮೇಜಿಗೆ ಬರುತ್ತದೆ. ಈ ಕೆಲಸದಲ್ಲಿ ಭಾಷೆಗಿಂತ ಹೆಚ್ಚು ಹೊತ್ತು ಹಿಡಿಯುವುದು ಮಡಿಕೆಯಲ್ಲಿ ಹರಿದ ಪದ, ಮೊಹರಿನ ಅಡಿ ಸಿಕ್ಕಿಕೊಂಡ ಅಂಕಿ, ಅರ್ಧ ಮೂಡಿದ ಸೀಲು ಮತ್ತು ಗುರುತು ಹತ್ತದ ಸಹಿ. ಇವನ್ನು ಅನುವಾದದಲ್ಲಿ ಹೇಗೆ ತೋರಿಸಬೇಕು ಎಂಬುದನ್ನು 1951ರ ಒಂದು ಕ್ರಯಪತ್ರವನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಆ ಪತ್ರ ನನಗೆ ಬಂದಾಗ ಪಿಡಿಎಫ್‌ನಲ್ಲಿ ಎರಡೇ ಪುಟಗಳಿದ್ದವು. ಎರಡೂ ಮುಂಬದಿಗಳು, ಎರಡೂ ಕಪ್ಪು-ಬಿಳುಪು. ಬೆನ್ನು ಪುಟಗಳನ್ನು ಕಳಿಸಿ ಎಂದು ಕೇಳಿದರೆ, "ಹಿಂದೆ ಬರೀ ಸೀಲುಗಳಿವೆ, ಸಾರ್" ಎಂಬ ಉತ್ತರ ಬಂತು. ನೋಂದಾಯಿತ ಪತ್ರದಲ್ಲಿ ಆ "ಬರೀ ಸೀಲು"ಗಳೇ ಪತ್ರದ ಅರ್ಧ ಜೀವ. ಪತ್ರವನ್ನು ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಹಾಜರುಪಡಿಸಲಾಯಿತು ಎಂಬುದನ್ನು 1908ರ ನೋಂದಣಿ ಕಾಯ್ದೆಯ 52ನೇ ಪ್ರಕರಣದಂತೆ ಪತ್ರದ ಮೇಲೆಯೇ ಬರೆಯಬೇಕು. ಬರೆದುಕೊಟ್ಟವರು ಅದನ್ನು ಒಪ್ಪಿದ್ದು, ಅಧಿಕಾರಿಯ ಎದುರು ಹಣ ಕೈ ಬದಲಾಗಿದ್ದರೆ ಆ ಸಂಗತಿ, ಎಲ್ಲವೂ 58ನೇ ಪ್ರಕರಣದಂತೆ ಷರಾ ಆಗುತ್ತವೆ. ಕೊನೆಗೆ 60ನೇ ಪ್ರಕರಣದಂತೆ ನೋಂದಣಿಯ ಪ್ರಮಾಣಪತ್ರ ಬರುತ್ತದೆ. ಪತ್ರವನ್ನು ಯಾವ ಪುಸ್ತಕದ ಯಾವ ಪುಟಗಳಲ್ಲಿ ನಕಲು ಮಾಡಲಾಗಿದೆ ಎಂಬುದು ಅದರಲ್ಲೇ ಇರುತ್ತದೆ. ಇನ್ನು ಛಾಪಾ ಕಾಗದದ ಹಿಂದೆ ಮಾರಾಟಗಾರ ಬರೆದ ಕ್ರಮಸಂಖ್ಯೆ, ತಾರೀಖು, ಕೊಂಡವರ ಹೆಸರು ಇರುತ್ತವೆ. ಕಾಗದ ಕೊಂಡ ತಾರೀಖು ಪತ್ರ ಬರೆದ ತಾರೀಖಿನ ಆಚೆಗಿದ್ದರೆ ಆ ಒಂದು ಸಾಲಿನ ಮೇಲೆಯೇ ಇಡೀ ವಾದ ನಿಲ್ಲಬಹುದು. ಆದ್ದರಿಂದ ಗುರುತು ಹಾಕುವ ಕೆಲಸಕ್ಕೆ ಕೈ ಹಚ್ಚುವ ಮೊದಲು ಎಲ್ಲ ಪುಟಗಳ ಎರಡೂ ಬದಿ, ನಾಲ್ಕೂ ಅಂಚು ಕಾಣುವ ಹಾಗೆ, ಬಣ್ಣದಲ್ಲಿ, 300 ಡಿಪಿಐಗೆ ಕಡಿಮೆಯಿಲ್ಲದಂತೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕು. ಸಣ್ಣ ಕೈಬರಹವಿದ್ದರೆ 600 ಇರಲಿ.

ಬಣ್ಣ ಬೇಕೆನ್ನುವುದಕ್ಕೆ ಕಾರಣವಿದೆ. ಕಪ್ಪು-ಬಿಳುಪು ಸ್ಕ್ಯಾನಿನಲ್ಲಿ ಕಪ್ಪು ಶಾಯಿಯ ಅಕ್ಷರವೂ ಅದರ ಮೇಲೆ ಬಿದ್ದ ಕೆಂಪು ಮೊಹರೂ ಒಂದೇ ಕಪ್ಪಾಗಿ ಬೆಸೆದುಹೋಗುತ್ತವೆ. ಬಣ್ಣದ ಚಿತ್ರವಿದ್ದರೆ ಚಿತ್ರ ತಿದ್ದುವ ಯಾವುದೇ ತಂತ್ರಾಂಶದಲ್ಲಿ ಕೆಂಪು ಚಾನೆಲ್ ಒಂದನ್ನೇ ನೋಡಬಹುದು. ಆಗ ಕೆಂಪು ಮೊಹರು ಬಹುಮಟ್ಟಿಗೆ ಮರೆಯಾಗಿ ಅಡಿಯ ಕಪ್ಪು ಅಕ್ಷರ ಉಳಿಯುತ್ತದೆ. "ಓದಲಾಗದು" ಎಂದು ಬರೆಯಬೇಕಾಗಿದ್ದ ಎಷ್ಟೋ ಪದಗಳು ಹೀಗೆ ಓದಲು ಸಿಕ್ಕಿವೆ.

ಇಷ್ಟಾದ ಮೇಲೂ ಓದಲಾಗದ್ದು ಉಳಿಯುತ್ತದೆ. ಅದನ್ನು ಗುರುತಿಸುವ ವಿಧಾನ ಒಂದೇ ಒಂದು ಒಪ್ಪಂದದ ಮೇಲೆ ನಿಂತಿದೆ: ಚೌಕ ಆವರಣದೊಳಗೆ ಇರುವ ಪ್ರತಿಯೊಂದು ಮಾತು ಅನುವಾದಕರದು, ಅದರ ಹೊರಗೆ ಇರುವ ಪ್ರತಿಯೊಂದು ಮಾತು ಮೂಲಪತ್ರದ್ದು. ಮೂಲದಲ್ಲಿ ದುಂಡು ಆವರಣವಿದ್ದರೆ ಅದು ದುಂಡಾಗಿಯೇ ಉಳಿಯಬೇಕು. ಅನುವಾದಕರ ವಿವರಣೆಯನ್ನು ಎಂದೂ ದುಂಡು ಆವರಣದಲ್ಲಿ ಹಾಕಬಾರದು, ಯಾಕೆಂದರೆ ಓದುವ ಅಧಿಕಾರಿಗೆ ಅದು ಮೂಲದಲ್ಲಿದ್ದದ್ದೋ ನಾವು ಸೇರಿಸಿದ್ದೋ ಎಂದು ತಿಳಿಯಲು ಬೇರೆ ದಾರಿಯೇ ಇಲ್ಲ. ಈ ಒಪ್ಪಂದವನ್ನು ಅನುವಾದದ ಮೊದಲ ಪುಟದ ತಲೆಯಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು.

"ಓದಲಾಗದು" ಎಂಬ ಒಂದೇ ಪದವನ್ನು ಎಲ್ಲ ಕಡೆ ಅಂಟಿಸುವುದು ನಾನು ಹೆಚ್ಚಾಗಿ ಕಾಣುವ ತಪ್ಪು. ಅಕ್ಷರವಿದ್ದೂ ಓದಲಾಗದಿರುವುದು ಬೇರೆ, ಕಾಗದವೇ ಹರಿದು ಅಕ್ಷರ ಇಲ್ಲವಾಗಿರುವುದು ಬೇರೆ, ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಿಹೋಗಿರುವುದು ಬೇರೆ, ಬರೆಯುವವರೇ ಜಾಗ ಖಾಲಿ ಬಿಟ್ಟಿರುವುದು ಬೇರೆ. ಮೊದಲನೆಯದಕ್ಕೆ ಇನ್ನೂ ಒಳ್ಳೆಯ ಸ್ಕ್ಯಾನ್ ಪರಿಹಾರವಾಗಬಹುದು; ಎರಡನೆಯದಕ್ಕೆ ಯಾವ ಸ್ಕ್ಯಾನೂ ಆಗದು, ಕಚೇರಿಯ ನಕಲೇ ಬೇಕು; ಮೂರನೆಯದಕ್ಕೆ ಮೂಲಪತ್ರವನ್ನು ತೆರೆದು ನೋಡಿದರೆ ಸಾಕು; ನಾಲ್ಕನೆಯದರಲ್ಲಿ ಹುಡುಕಲು ಏನೂ ಇಲ್ಲ. ಆದ್ದರಿಂದ ಪ್ರತಿ ಗುರುತಿನಲ್ಲಿ ಎಷ್ಟು ಭಾಗ ಹೋಗಿದೆ ಮತ್ತು ಯಾಕೆ ಹೋಗಿದೆ ಎಂಬ ಎರಡು ಸಂಗತಿ ಇರಬೇಕು. [ಸುಮಾರು ಎರಡು ಪದ ಓದಲಾಗದು: ಶಾಯಿ ಹರಡಿದೆ] ಎಂದೋ, [ಒಂದು ಸಾಲಿನ ಕೊನೆ ಇಲ್ಲ: ಸ್ಕ್ಯಾನಿನಲ್ಲಿ ಬಲ ಅಂಚು ಕತ್ತರಿಸಿದೆ] ಎಂದೋ, [ಖಾಲಿ ಬಿಡಲಾಗಿದೆ] ಎಂದೋ ಬರೆದರೆ ಕಡತ ನೋಡುವವರಿಗೆ ಮುಂದಿನ ಹೆಜ್ಜೆ ತಾನಾಗಿ ಗೊತ್ತಾಗುತ್ತದೆ.

ಹೊಡೆದುಹಾಕಿದ ಪದಗಳನ್ನೂ ಸಾಲಿನ ಮೇಲೆ ಸೇರಿಸಿದ ಪದಗಳನ್ನೂ ಸದ್ದಿಲ್ಲದೆ ಸರಿಪಡಿಸಿ ಅನುವಾದಿಸುವ ಅಭ್ಯಾಸ ಕೆಲವರಲ್ಲಿದೆ. ವಾಕ್ಯ ಚೊಕ್ಕವಾಗುತ್ತದೆ ನಿಜ, ಆದರೆ ಕಡತಕ್ಕೆ ಬೇಕಾದ ಸಂಗತಿ ಕಳೆದುಹೋಗುತ್ತದೆ. ಪತ್ರದಲ್ಲಿ ಸೇರ್ಪಡೆ, ಖಾಲಿ ಜಾಗ, ಅಳಿಸಿದ್ದು, ತಿದ್ದಿದ್ದು ಇದ್ದು, ಅದಕ್ಕೆ ಬರೆದುಕೊಟ್ಟವರ ಸಹಿ ಅಥವಾ ಚಿಕ್ಕ ರುಜು ಇಲ್ಲದಿದ್ದರೆ ನೋಂದಣಿಯನ್ನೇ ನಿರಾಕರಿಸುವ ವಿವೇಚನೆಯನ್ನು ನೋಂದಣಿ ಕಾಯ್ದೆಯ 20ನೇ ಪ್ರಕರಣ ಅಧಿಕಾರಿಗೆ ಕೊಡುತ್ತದೆ. ಹಾಗಾಗಿ ತಿದ್ದುಪಡಿ ಇದೆ ಎಂಬುದಷ್ಟೇ ಅಲ್ಲ, ಅದರ ಪಕ್ಕದಲ್ಲಿ ರುಜು ಇದೆಯೋ ಇಲ್ಲವೋ ಎಂಬುದೂ ಅನುವಾದದಲ್ಲಿ ಬರಬೇಕು. ನಾನು ಬರೆಯುವುದು ಹೀಗೆ: "ಪಡುವಲು [ಹೊಡೆದುಹಾಕಿದೆ, ಅಡಿಯಲ್ಲಿ ಓದಬಹುದು: ದಾರಿ] [ಸಾಲಿನ ಮೇಲೆ ಬೇರೆ ಶಾಯಿಯಲ್ಲಿ ಸೇರಿಸಿದೆ: ಹಳ್ಳ] [ಎಡ ಅಂಚಿನಲ್ಲಿ ಚಿಕ್ಕ ರುಜು, ಓದಲಾಗದು]". ಚೆಕ್ಕುಬಂದಿಯಲ್ಲಿ ದಾರಿ ಹೋಗಿ ಹಳ್ಳ ಬಂದದ್ದು ಎಷ್ಟು ದೊಡ್ಡ ಮಾತೆಂಬುದನ್ನು ಜಮೀನು ಉಳುವವರಿಗೆ ಹೇಳಬೇಕಾಗಿಲ್ಲ. ಬೇರೆ ಶಾಯಿ ಎಂದು ಕಣ್ಣಿಗೆ ಕಂಡದ್ದನ್ನು ಹೇಳಬಹುದು. ಆಮೇಲೆ ಯಾರೋ ಸೇರಿಸಿದ್ದು ಎಂದು ಹೇಳಬಾರದು, ಏಕೆಂದರೆ ಅದು ಕಂಡದ್ದಲ್ಲ, ಊಹಿಸಿದ್ದು.

ಇನ್ನು ಆ ಪತ್ರದ ಅತ್ಯಂತ ಕಷ್ಟದ ಜಾಗಕ್ಕೆ ಬರುತ್ತೇನೆ. ಮೊದಲ ಪುಟದ ನಡುಮಡಿಕೆಯ ಮೇಲೆ ಜಮೀನಿನ ವಿಸ್ತೀರ್ಣವಿತ್ತು. "ಎಕರೆ 3" ಎಂಬುದು ಸ್ಪಷ್ಟ, ಅಡ್ಡಗೆರೆ ಸ್ಪಷ್ಟ, ಕೊನೆಯ 5 ಸ್ಪಷ್ಟ. ನಡುವಿನ ಅಂಕಿಯ ತಲೆ ಮಡಿಕೆಯಲ್ಲಿ ಸವೆದು, ಕೆಳಗೆ ಒಂದು ನೆಟ್ಟಗೆರೆ ಮಾತ್ರ ಉಳಿದಿತ್ತು. ಅದು 1 ಆಗಬಹುದು, 7 ಆಗಬಹುದು. ದಾವೆ ಹೂಡಿದವರು 3-15 ಎನ್ನುವುದರಲ್ಲಿ ಸಂಶಯವೇ ಇಲ್ಲ ಎಂದರು. ಅವರ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿತ್ತು: ಎಕರೆಗೆ 40 ಗುಂಟೆ, ಆದ್ದರಿಂದ ಎಕರೆಯ ಮುಂದೆ 75 ಬರಲು ಸಾಧ್ಯವೇ ಇಲ್ಲ. ಆದರೆ 1951ರ ಬಳ್ಳಾರಿಯ ಪತ್ರಗಳಲ್ಲಿ ನೆಲವನ್ನು ಅಳೆದದ್ದು ಮದರಾಸು ಪದ್ಧತಿಯಂತೆ ಎಕರೆ ಮತ್ತು ಸೆಂಟಿನಲ್ಲಿ. ಒಂದು ಎಕರೆಗೆ 100 ಸೆಂಟು. ಅದೇ ಪತ್ರದ ಎರಡನೆಯ ಪುಟದಲ್ಲಿ "ಸೆಂಟ್ಲು" ಎಂಬ ಪದ ಕಣ್ಣಿಗೆ ಕಾಣುವಂತಿತ್ತು. ಸೆಂಟಿನ ಲೆಕ್ಕದಲ್ಲಿ 15 ಕೂಡ ಸರಿ, 75 ಕೂಡ ಸರಿ, ಮತ್ತು ಎರಡರ ನಡುವಿನ ಅಂತರ ಅರ್ಧ ಎಕರೆಗಿಂತ ಹೆಚ್ಚು. ಇಂದಿನ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಅಂಕಿಯನ್ನು ಓದಿದರೆ ಆಗುವ ಅಪಾಯ ಇದು.

ಅಂಕಿ ಕೈಕೊಟ್ಟಾಗ ಮುಂದಿನ ಆಸರೆ ಅಕ್ಷರದಲ್ಲಿ ಬರೆದ ಮೊತ್ತ. ಪತ್ರದ ಕೊನೆಯ ಷೆಡ್ಯೂಲಿನಲ್ಲಿ ವಿಸ್ತೀರ್ಣವನ್ನು ಅಕ್ಷರದಲ್ಲೂ ಬರೆದಿದ್ದರು, ಆದರೆ ಅಲ್ಲಿ ಹುಳು ತಿಂದು ಕೊನೆಯ "ದು" ಮಾತ್ರ ಉಳಿದಿತ್ತು. ತೆಲುಗಿನಲ್ಲಿ ಹದಿನೈದಕ್ಕೆ "ಪದಿಹೇನು" ಎನ್ನುತ್ತಾರೆ, ಅದರ ಕೊನೆಯಲ್ಲಿ "ದು" ಇಲ್ಲ. ಎಪ್ಪತ್ತೈದಕ್ಕೆ "ಡೆಬ್ಬೈ ಐದು" ಎನ್ನುತ್ತಾರೆ, ಅದರಲ್ಲಿ ಇದೆ. ಇಷ್ಟು ತಿಳಿದವರು ಕೂಡಲೇ 75 ಎಂದು ಬರೆದುಬಿಡುತ್ತಿದ್ದರು. ಹದಿನೈದಕ್ಕೆ "ಪದುನೈದು" ಎಂಬ ಇನ್ನೊಂದು ಹಳೆಯ ರೂಪವೂ ಇದೆ, ಅದೂ "ದು"ವಿನಲ್ಲೇ ಮುಗಿಯುತ್ತದೆ. ಹೀಗಾಗಿ ಅಕ್ಷರವೂ ತೀರ್ಪು ಕೊಡಲಿಲ್ಲ. ನಾನು ಮೊದಲ ಪುಟದಲ್ಲಿ ಬರೆದದ್ದು ಇದು:

"ಎಕರೆ 3-[ಒಂದು ಅಂಕಿ ಖಚಿತವಿಲ್ಲ, 1 ಅಥವಾ 7: ಮಡಿಕೆಯಲ್ಲಿ ಸವೆದಿದೆ]5"

ಷೆಡ್ಯೂಲಿನಲ್ಲಿ ಬರೆದದ್ದು ಇದು:

"ಮೂರು ಎಕರೆ [ಒಂದು ಅಥವಾ ಎರಡು ಪದ ಇಲ್ಲ: ಹುಳು ತಿಂದಿದೆ, ಉಳಿದ ಕೊನೆಯ ಅಕ್ಷರ 'ದು'] ಸೆಂಟು"

ಎರಡು ಓದುಗಳು ಸಾಧ್ಯವಿದ್ದರೆ ಎರಡನ್ನೂ ಬರೆಯಬೇಕು. ಒಂದು ಓದು ಬಹುಮಟ್ಟಿಗೆ ಸರಿ ಎನಿಸಿದರೆ ಅದನ್ನು ಬರೆದು ಪಕ್ಕದಲ್ಲಿ ಚೌಕ ಆವರಣದೊಳಗೆ ಪ್ರಶ್ನೆ ಚಿಹ್ನೆ ಇಡಬೇಕು. ಯಾವ ಓದೂ ಕಾಣದಿದ್ದರೆ ಓದಲಾಗದು ಎನ್ನಬೇಕು. ಸೆಂಟನ್ನು ಗುಂಟೆಗೆ, ಆಣೆಯನ್ನು ಪೈಸೆಗೆ ಬದಲಿಸುವುದು ಅನುವಾದಕರ ಕೆಲಸವಲ್ಲ.

ಹೆಸರುಗಳಲ್ಲೂ ಇದೇ ಕಟ್ಟುನಿಟ್ಟು ಬೇಕು. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪ ಮತ್ತು ವ ಅಕ್ಷರಗಳ ಮೈಕಟ್ಟು ಒಂದೇ ತರಹ, ವೇಗದ ಕೈಬರಹದಲ್ಲಿ ಅವುಗಳ ವ್ಯತ್ಯಾಸ ಒಂದು ಸಣ್ಣ ತೆರಪಿಗೆ ಇಳಿಯುತ್ತದೆ. ವೀರಪ್ಪ ಎಂದೂ ಪೀರಪ್ಪ ಎಂದೂ ಓದಬಹುದಾದ ಹೆಸರು ಸಿಕ್ಕರೆ, ಎರಡೂ ಆ ಭಾಗದಲ್ಲಿ ಇಡುವ ಹೆಸರುಗಳೇ ಆಗಿರುವುದರಿಂದ, ವಂಶವೃಕ್ಷ ನೋಡಿ ಒಂದನ್ನು ಆರಿಸುವ ಆಸೆಯಾಗುತ್ತದೆ. ಅದೇ ಬರಹಗಾರರು ಅದೇ ಪತ್ರದಲ್ಲಿ ಬೇರೆ ಕಡೆ ಪ, ವ ಬರೆದ ರೀತಿಯನ್ನು ಹೋಲಿಸಿ ನೋಡುವುದು ನ್ಯಾಯವಾದ ಆಧಾರ, ಏಕೆಂದರೆ ಅದು ಪತ್ರದ ಮೈಮೇಲೆಯೇ ಇದೆ. ವಂಶವೃಕ್ಷ, ಪಹಣಿ, ಕಕ್ಷಿದಾರರ ನೆನಪು ಇವು ಹೊರಗಿನವು.

ಈ ಗಡಿಯನ್ನು ನಾನು ದಾಟಿ ಕಲಿತದ್ದಿದೆ. ವೃತ್ತಿಗೆ ಬಂದ ಹೊಸದರಲ್ಲಿ ಅಂಚು ಹರಿದ ಒಂದು ಪತ್ರದಲ್ಲಿ ಊರಿನ ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಉಳಿದಿದ್ದವು. ಉಳಿದದ್ದನ್ನು ಕಕ್ಷಿದಾರರ ಮನೆಯವರು ಹೇಳಿದರು, ನಾನು ಪೂರ್ತಿ ಹೆಸರು ಬರೆದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು ಮೂಲವನ್ನು ನನ್ನ ಕೈಗೆ ಕೊಟ್ಟು, ಈ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ತೋರಿಸಿ ಎಂದರು. ತೋರಿಸಲು ಅಲ್ಲಿ ಕಾಗದವೇ ಇರಲಿಲ್ಲ. ಆ ಹೆಸರು ನಿಜವಾಗಿ ಸರಿಯಾಗಿತ್ತು, ಆದರೂ ಅಂದಿನಿಂದ ಆ ಅನುವಾದದ ಉಳಿದ ಪುಟಗಳ ಮೇಲೂ ಯಾರಿಗೂ ನಂಬಿಕೆ ಉಳಿಯಲಿಲ್ಲ. ಆ ಕುಟುಂಬಕ್ಕೆ ನನ್ನಿಂದ ಆದ ನಷ್ಟವನ್ನು ನಾನು ಇಂದಿಗೂ ಮರೆತಿಲ್ಲ.

ಮೊಹರುಗಳ ವಿಚಾರದಲ್ಲಿ ಮೊದಲ ತೊಡಕು ಪದದ್ದೇ. ಸ್ಟಾಂಪು ಎಂದರೆ ನಮ್ಮ ಆಡುಮಾತಿನಲ್ಲಿ ರಬ್ಬರ್ ಸ್ಟಾಂಪೂ ಹೌದು, ರೆವಿನ್ಯೂ ಸ್ಟಾಂಪೂ ಹೌದು, ಛಾಪಾ ಕಾಗದವೂ ಹೌದು. ಅನುವಾದದಲ್ಲಿ ಬರೀ [ಸ್ಟಾಂಪು] ಎಂದು ಬರೆದರೆ ಶುಲ್ಕ ಕಟ್ಟಿದ್ದಕ್ಕೆ ಗುರುತೋ, ಕಚೇರಿಯ ಹೆಸರೋ ತಿಳಿಯುವುದಿಲ್ಲ. ಆದ್ದರಿಂದ ಶುಲ್ಕಕ್ಕೆ ಸಂಬಂಧಿಸಿದ್ದನ್ನು ಛಾಪಾ ಕಾಗದ ಅಥವಾ ಅಂಟಿಸಿದ ರೆವಿನ್ಯೂ ಸ್ಟಾಂಪು ಎಂದೂ, ಶಾಯಿಯಲ್ಲಿ ಒತ್ತಿದ್ದನ್ನು ಮೊಹರು ಎಂದೂ, ಶಾಯಿಯಿಲ್ಲದೆ ಕಾಗದವನ್ನೇ ಉಬ್ಬಿಸಿದ್ದನ್ನು ಉಬ್ಬು ಮೊಹರು ಎಂದೂ ನಾನು ಬೇರ್ಪಡಿಸಿ ಬರೆಯುತ್ತೇನೆ. ಉಬ್ಬು ಮೊಹರು ಸ್ಕ್ಯಾನಿನಲ್ಲಿ ಬೂದು ನೆರಳಾಗಿ ಕಾಣಬಹುದು, ಕಾಣದೆಯೂ ಇರಬಹುದು. ಕಾಣಲಿಲ್ಲವೆಂದು ಮೊಹರು ಇಲ್ಲ ಎಂದು ಬರೆಯಬಾರದು.

ಮೊಹರಿನ ಗುರುತಿನಲ್ಲಿ ಎಲ್ಲಿದೆ, ಯಾವ ಆಕಾರ, ಯಾವ ಬಣ್ಣ, ಒಳಗೆ ಯಾವ ಭಾಷೆಯಲ್ಲಿ ಏನಿದೆ ಎಂಬಷ್ಟು ಸಾಕು. ನಮ್ಮ ಪತ್ರದ ಬೆನ್ನಿನಲ್ಲಿದ್ದ ದುಂಡು ಮೊಹರು ಅರ್ಧ ಮಾತ್ರ ಮೂಡಿತ್ತು. ಅದನ್ನು [ದುಂಡು ಮೊಹರು, ನೇರಳೆ ಶಾಯಿ, ಕೆಳಗೆ ಬಲಕ್ಕೆ, ಇಂಗ್ಲಿಷಿನಲ್ಲಿ: "ಸಬ್-ರಿಜಿಸ್ಟ್ರಾ...", ಉಳಿದ ಸುತ್ತು ಮೂಡಿಲ್ಲ] ಎಂದು ಬರೆದೆ. ಎಲ್ಲ ಉಪನೋಂದಣಿ ಕಚೇರಿಗಳ ಮೊಹರಿನಲ್ಲೂ ಊರಿನ ಹೆಸರಿರುತ್ತದೆ ಎಂಬುದು ನಮಗೆ ಗೊತ್ತಿದ್ದರೂ, ಮೂಡದ ಊರನ್ನು ನಾವು ಮೂಡಿಸಬಾರದು. ಊರು ಬೇಕಿದ್ದರೆ ಹಾಜರಿಯ ಷರಾದಲ್ಲಿ ಸಿಗುತ್ತದೆ, ಅಲ್ಲಿ ಅದು ತನ್ನ ಜಾಗದಲ್ಲೇ ಬರಲಿ. ಮೊಹರು ಬರಹದ ಮೇಲೆ ಬಿದ್ದಿದ್ದರೆ ಬರಹವನ್ನು ಒಂದೆಡೆ ಪೂರ್ತಿ ಕೊಟ್ಟು, ಯಾವ ಸಾಲುಗಳ ಮೇಲೆ ಮೊಹರು ಬಿದ್ದಿದೆ ಎಂಬುದನ್ನು ಕೆಳಗೆ ಹೇಳಿದರೆ ಓದು ತುಂಡಾಗುವುದಿಲ್ಲ.

ಸಹಿಗಳಲ್ಲಿ ಅನುಭವಿಗಳೂ ಎಡವುವ ಒಂದು ಜಾಗವಿದೆ. ಮೂಲಪತ್ರದಲ್ಲಿ ವ್ಯಕ್ತಿ ತಾನೇ ಹಾಕಿದ ಸಹಿ ಇದ್ದರೆ ಅದು [ಸಹಿ: ಓದಲಾಗದು] ಅಥವಾ [ಸಹಿ:] ಎಂದು ಬರೆದು ಮುಂದೆ ಓದಿದ ಹೆಸರು. ಕಚೇರಿಯಿಂದ ಪಡೆದ ದೃಢೀಕೃತ ನಕಲಿನಲ್ಲಿ ಸಹಿ ಇರುವುದಿಲ್ಲ. ನಕಲು ಮಾಡಿದವರು ಸಹಿ ಇದ್ದ ಜಾಗದಲ್ಲಿ "ಸಹಿ/-" ಎಂದು ಬರೆದು ಹೆಸರನ್ನು ತಮ್ಮ ಕೈಯಲ್ಲೇ ಬರೆದಿರುತ್ತಾರೆ. ಅದು ಪತ್ರದ ಮಾತು, ಅನುವಾದಕರ ಮಾತಲ್ಲ, ಆದ್ದರಿಂದ ಆವರಣವಿಲ್ಲದೆ "ಸಹಿ/-" ಎಂದೇ ಬರಬೇಕು. ನಕಲಿನ ಮೇಲಿರುವ ನಿಜವಾದ ಸಹಿ ಕೊನೆಯಲ್ಲಿ ದೃಢೀಕರಿಸಿದ ಅಧಿಕಾರಿಯದು. ಅದಕ್ಕೆ ಮಾತ್ರ ಚೌಕ ಆವರಣ. ಈ ಎರಡನ್ನೂ ಬೆರೆಸಿದರೆ ನಕಲೇ ಮೂಲಪತ್ರವೆಂಬ ಭಾವನೆ ಓದುವವರಲ್ಲಿ ಹುಟ್ಟುತ್ತದೆ.

ಹೆಬ್ಬೆಟ್ಟಿನ ಗುರುತಿನ ಸುತ್ತ ಬರೆದ ಹೆಸರು ಸಾಮಾನ್ಯವಾಗಿ ಬರಹಗಾರರ ಕೈಯದು. ಗುರುತನ್ನು [ಹೆಬ್ಬೆಟ್ಟಿನ ಗುರುತು, ಮಸುಕು] ಎಂದು ತೋರಿಸಿ, ಪಕ್ಕದ ಬರಹವನ್ನು ಹೊರಗಿಟ್ಟು ಅನುವಾದಿಸಬೇಕು. ಎಡಗೈಯದೋ ಬಲಗೈಯದೋ ಎಂಬುದನ್ನು ಪತ್ರದಲ್ಲಿ ಬರೆದಿದ್ದರೆ ಮಾತ್ರ ಹೇಳಬೇಕು. ಅಚ್ಚಾದ ನಮೂನೆಯಲ್ಲಿ ಕೈಯಿಂದ ತುಂಬಿದ ಭಾಗಗಳಿದ್ದರೆ ಪ್ರತಿ ಪದಕ್ಕೂ [ಕೈಬರಹ] ಎಂದು ಹಾಕಿ ಪುಟ ಕೆಡಿಸುವ ಬದಲು, ಕೈಬರಹವನ್ನು ಓರೆ ಅಕ್ಷರದಲ್ಲಿ ಕೊಟ್ಟು, ಹಾಗೆ ಕೊಟ್ಟಿದ್ದೇವೆ ಎಂದು ತಲೆಬರಹದ ಒಪ್ಪಂದದಲ್ಲೇ ಹೇಳಿಬಿಡುವುದು ವಾಸಿ.

ಕೊನೆಯ ಪುಟದ ಅನುವಾದಕರ ಹೇಳಿಕೆಯಲ್ಲಿ, ಅನುವಾದ ಮಾಡಿದ್ದು ಎಷ್ಟು ಪುಟಗಳ ಸ್ಕ್ಯಾನ್ ಪ್ರತಿಯಿಂದ, ಅದು ಮೂಲಪತ್ರದ್ದೋ ನಕಲಿನದೋ, ಮೂಲವನ್ನು ಕಣ್ಣಾರೆ ನೋಡಿದ್ದೇವೆಯೋ ಇಲ್ಲವೋ ಎಂಬುದು ಇರಬೇಕು. ಓದಲು ಸಿಕ್ಕ ಎಲ್ಲವನ್ನೂ ಅನುವಾದಿಸಲಾಗಿದೆ, ಓದಲಾಗದ್ದನ್ನು ಆಯಾ ಜಾಗದಲ್ಲೇ ಗುರುತಿಸಲಾಗಿದೆ ಎಂದು ಹೇಳಿದರೆ ಪೂರ್ಣ ಅನುವಾದ ಎಂಬ ಮಾತಿಗೆ ಅರ್ಥ ಬರುತ್ತದೆ. ಪತ್ರ ಅಸಲಿಯೆಂದು ನಾವು ಪ್ರಮಾಣ ಮಾಡುತ್ತಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸುತ್ತೇನೆ.

ಆ ಕ್ರಯಪತ್ರದ ಬೆನ್ನಿನ ನೋಂದಣಿ ಷರಾದಲ್ಲಿ ನೇರಳೆ ಮೊಹರಿನ ಅಡಿ ಸಿಕ್ಕಿಕೊಂಡಿದ್ದ ಸಂಪುಟದ ಸಂಖ್ಯೆಯನ್ನು ಬಣ್ಣದ ಸ್ಕ್ಯಾನಿನಲ್ಲಿ ಬಿಡಿಸಿ ಓದಲು ಸಾಧ್ಯವಾಯಿತು. ಸ್ಥಿರಾಸ್ತಿಯ ಪತ್ರಗಳನ್ನು ನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿ ಪೂರ್ತಿಯಾಗಿ ನಕಲು ಮಾಡಿಡುತ್ತಿದ್ದುದರಿಂದ, ಮಡಿಕೆಯೂ ಹುಳುವೂ ತಾಗದ ಇನ್ನೊಂದು ಪ್ರತಿ ಅಲ್ಲಿರಬೇಕಿತ್ತು. ವಕೀಲರು ನನ್ನ ಅನುವಾದದ ಎರಡು ಚೌಕ ಆವರಣಗಳನ್ನು ತೋರಿಸಿ, ಆ ಸಂಪುಟ ಮತ್ತು ಪುಟಸಂಖ್ಯೆಗಳನ್ನು ನಮೂದಿಸಿ, ಕಾಯ್ದೆಯ 57ನೇ ಪ್ರಕರಣದಂತೆ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿದರು. ಬಂದ ನಕಲಿನಲ್ಲಿ ವಿಸ್ತೀರ್ಣ ಅಂಕಿಯಲ್ಲಿ 3-75 ಎಂದೂ, ಅಕ್ಷರದಲ್ಲಿ "ಡೆಬ್ಬೈ ಐದು ಸೆಂಟ್ಲು" ಎಂದೂ ಇತ್ತು. ನಾನು ಮೊದಲ ಅನುವಾದವನ್ನು ತಿದ್ದಲಿಲ್ಲ, ಏಕೆಂದರೆ ಅದು ಹರಿದ ಮೂಲದ ಅನುವಾದ, ಆ ಮೂಲದಲ್ಲಿ ಆ ಅಂಕಿ ಈಗಲೂ ಓದಲಾಗುವುದಿಲ್ಲ. ನಕಲಿಗೆ ಬೇರೆಯೇ ಅನುವಾದ ಮಾಡಿ, ಎರಡನ್ನೂ ಅವುಗಳ ಪತ್ರಗಳೊಂದಿಗೆ ಕಡತಕ್ಕೆ ಸೇರಿಸಲು ಕೊಟ್ಟೆ.